ಸಾಲದ ಅರ್ಜಿ ತಿರಸ್ಕೃತವಾದಾಗ: ಮರು ಅರ್ಜಿಗೆ ಮುನ್ನ ಆರು ತಿಂಗಳ ಸಿದ್ಧತೆ

ದುಡಿಯುವ ಬಂಡವಾಳಕ್ಕಾಗಿ ಸಲ್ಲಿಸಿದ ಅರ್ಜಿಯನ್ನು ಬ್ಯಾಂಕು ತಿರಸ್ಕರಿಸಿದೊಡನೆ ಮತ್ತೊಂದು ಬ್ಯಾಂಕಿಗೆ ಅದೇ ಕಡತವನ್ನು ಒಯ್ಯುವುದು ನಮ್ಮ ವರ್ತಕರಲ್ಲಿ ಸಾಮಾನ್ಯ. ಇದರಿಂದ ಪ್ರಯೋಜನವಾಗುವುದು ಅಪರೂಪ. ಪ್ರತಿ ಅರ್ಜಿಯ ವಿಚಾರಣೆಯೂ ಸಿಬಿಲ್ ಮುಂತಾದ ಸಂಸ್ಥೆಗಳ ವರದಿಯಲ್ಲಿ ದಾಖಲಾಗುವುದರಿಂದ, ಎರಡನೆಯ ಬ್ಯಾಂಕಿಗೆ ಮೊದಲನೆಯದರ ಸುಳಿವು ಸಿಕ್ಕೇ ಸಿಗುತ್ತದೆ.

ಮೊದಲು ಮಾಡಬೇಕಾದುದು ತಿರಸ್ಕಾರದ ಕಾರಣವನ್ನು ಲಿಖಿತವಾಗಿ ಕೇಳುವುದು. ಸಾಲದ ಮೊತ್ತ ಎಷ್ಟೇ ಇರಲಿ, ಮುಖ್ಯ ಕಾರಣವನ್ನು ಬರೆದು ತಿಳಿಸಬೇಕೆಂದು ರಿಸರ್ವ್ ಬ್ಯಾಂಕು 2007ರಲ್ಲಿಯೇ ಬ್ಯಾಂಕುಗಳಿಗೆ ಸೂಚಿಸಿದೆ.

ಕಾರಣಗಳ ಸ್ವರೂಪವನ್ನು ಒಂದು ಮಾದರಿ ಲೆಕ್ಕದಿಂದ ನೋಡೋಣ. ಹರಿಹರದಲ್ಲಿ ಲೇತ್ ಯಂತ್ರಗಳನ್ನಿಟ್ಟುಕೊಂಡು ಬಿಡಿಭಾಗ ತಯಾರಿಸುವ ಒಂದು ಘಟಕವೆಂದು ಭಾವಿಸಿ. ಮಾಲೀಕರು 20 ಲಕ್ಷ ರೂಪಾಯಿಗಳ ಕ್ಯಾಶ್ ಕ್ರೆಡಿಟ್ ಕೋರಿ, ಮುಂದಿನ ವರ್ಷ ಒಂದು ಕೋಟಿ ವಹಿವಾಟು ಆಗುವುದೆಂದು ಬರೆದಿದ್ದಾರೆ. ನಾಯಕ್ ಸಮಿತಿಯ ಸೂತ್ರದಂತೆ ಅಂದಾಜು ವಹಿವಾಟಿನ ಶೇಕಡಾ 20ರಷ್ಟು ಬ್ಯಾಂಕಿನ ಪಾಲು, ಶೇಕಡಾ 5ರಷ್ಟು ಮಾಲೀಕರ ಪಾಲು. ಸೂತ್ರದ ಪ್ರಕಾರ ಕೋರಿಕೆ ಸರಿಯೇ. ಆದರೆ ಅರ್ಜಿ ಬಿದ್ದುಹೋಗಲು ಮೂರು ಕಾರಣಗಳಿದ್ದವು.

ಒಂದು, ದಾಖಲೆಗಳ ಹೊಂದಾಣಿಕೆ. ಜಿ.ಎಸ್.ಟಿ. ರಿಟರ್ನ್‌ಗಳಂತೆ ಕಳೆದ ವರ್ಷದ ಮಾರಾಟ 52 ಲಕ್ಷ. ಶೇಕಡಾ 18ರ ತೆರಿಗೆ ಸೇರಿ ಸುಮಾರು 61 ಲಕ್ಷ. ಗ್ರಾಹಕರಿಂದ ಬರಬೇಕಾದ ಬಾಕಿ ಆ ವರ್ಷದಲ್ಲಿ 6 ಲಕ್ಷ ಹೆಚ್ಚಿತ್ತು. ಅದನ್ನು ಕಳೆದರೂ ಚಾಲ್ತಿ ಖಾತೆಗೆ 55 ಲಕ್ಷ ಜಮಾ ಆಗಬೇಕಿತ್ತು. ಆಗಿದ್ದು 38 ಲಕ್ಷ ಮಾತ್ರ. ಉಳಿದ 17 ಲಕ್ಷದಲ್ಲಿ ಕೆಲವಷ್ಟು ಮಾಲೀಕರ ಉಳಿತಾಯ ಖಾತೆಗೆ ಹೋಗಿತ್ತು, ಕೆಲವಷ್ಟು ನಗದಾಗಿ ಬಂದು ಕೂಲಿಗೆ ಖರ್ಚಾಗಿತ್ತು. ಇದಕ್ಕೆ ವಿವರಣೆಯಿಲ್ಲದಿರುವಾಗ ಒಂದು ಕೋಟಿಯ ಅಂದಾಜನ್ನು ಬ್ಯಾಂಕು ನಂಬುವುದು ಹೇಗೆ?

ಎರಡು, ಹಳೆಯ ಬಾಕಿ. ಬರಬೇಕಾದ 18 ಲಕ್ಷದಲ್ಲಿ 7 ಲಕ್ಷ 90 ದಿನಗಳನ್ನು ಮೀರಿತ್ತು. ಬ್ಯಾಂಕು ಸಾಮಾನ್ಯವಾಗಿ ಇಂತಹ ಬಾಕಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ದಾಸ್ತಾನು 6 ಲಕ್ಷ, ಉಳಿದ ಬಾಕಿ 11 ಲಕ್ಷ, ಒಟ್ಟು 17 ಲಕ್ಷ. ಇದರಲ್ಲಿ ಸರಬರಾಜುದಾರರಿಗೆ ಕೊಡಬೇಕಾದ 5 ಲಕ್ಷ ಕಳೆದು, ಶೇಕಡಾ 25ರ ಅಂಚನ್ನು ಬಿಟ್ಟರೆ, ಸೆಳೆಯಬಹುದಾದ ಮೊತ್ತ 9 ಲಕ್ಷಕ್ಕೇ ನಿಲ್ಲುತ್ತದೆ.

ಮೂರು, ಜಾಮೀನು. ಮಾಲೀಕರು ಬಂಧುವೊಬ್ಬರ ವಾಹನ ಸಾಲಕ್ಕೆ ಜಾಮೀನು ನಿಂತಿದ್ದರು. ಅದರ ಕಂತುಗಳು ತಪ್ಪಿದುದು ಇವರ ವರದಿಯಲ್ಲಿಯೂ ಕಾಣಿಸಿಕೊಂಡಿತ್ತು.

ಇನ್ನು ಸಿದ್ಧತೆಯ ವಿಚಾರ. ಮೊದಲ ತಿಂಗಳಲ್ಲಿ ವರ್ಷಕ್ಕೊಮ್ಮೆ ಉಚಿತವಾಗಿ ದೊರೆಯುವ ಸಾಲ ಮಾಹಿತಿ ವರದಿಯನ್ನು ತರಿಸಿ ಓದಬೇಕು. ತಪ್ಪು ನಮೂದಿದ್ದರೆ ದೂರು ಸಲ್ಲಿಸಬೇಕು. ಅದನ್ನು 30 ದಿನಗಳಲ್ಲಿ ಇತ್ಯರ್ಥಪಡಿಸಬೇಕೆಂಬ ನಿಯಮವಿದೆ. ಬಂಧುವಿನ ಕಂತುಗಳನ್ನು ಪೂರ್ಣವಾಗಿ ಕಟ್ಟಿಸಬೇಕು. ರಿಯಾಯಿತಿ ಪಡೆದು ಸಾಲ ತೀರಿಸಿದರೆ ‘ಸೆಟಲ್ಡ್’ ಎಂಬ ನಮೂದು ಉಳಿದು, ಮುಂದಿನ ಬ್ಯಾಂಕಿಗೆ ಅದೇ ಅಡ್ಡಿಯಾಗುತ್ತದೆ. ಕಂತು ಕಟ್ಟಿದರೂ ಹಿಂದಿನ ವಿಳಂಬ ಕೂಡಲೇ ಅಳಿಸಿಹೋಗದು. ಆದರೆ ಈಗ ಬಾಕಿ ಇಲ್ಲವೆಂಬುದು ಸ್ಪಷ್ಟವಾಗುತ್ತದೆ.

ಎರಡರಿಂದ ಐದನೆಯ ತಿಂಗಳವರೆಗೆ ಮಾರಾಟದ ಹಣವೆಲ್ಲ ಒಂದೇ ಚಾಲ್ತಿ ಖಾತೆಗೆ ಬರಲಿ. ಕೂಲಿಗೆ ಬೇಕಾದ ನಗದನ್ನು ಅಲ್ಲಿಂದಲೇ ತೆಗೆಯಿರಿ. ರಿಟರ್ನ್‌ಗಳು ಗಡುವಿನೊಳಗೆ ಸಲ್ಲಲಿ, ಚೆಕ್ಕು ಹಿಂದಿರುಗದಿರಲಿ. ಜಮಾ ಹೆಚ್ಚಿಸಲು ಸ್ನೇಹಿತರ ಖಾತೆಗಳ ನಡುವೆ ಹಣ ಸುತ್ತಿಸುವುದು ಬೇಡ. ಬಂದ ಮೊತ್ತ ಎರಡು ದಿನಗಳಲ್ಲಿ ಅದೇ ಹೆಸರಿಗೆ ಹೊರಟರೆ ಖಾತೆ ಪರಿಶೀಲಿಸುವವರಿಗೆ ತಕ್ಷಣ ತಿಳಿಯುತ್ತದೆ. ಇದೇ ಅವಧಿಯಲ್ಲಿ ಹಳೆಯ ಬಾಕಿಯಲ್ಲಿ 4 ಲಕ್ಷ ವಸೂಲಾಗಿ, ಅದರಲ್ಲಿ 3 ಲಕ್ಷವನ್ನು ಸರಬರಾಜುದಾರರಿಗೆ ಕೊಟ್ಟರೆನ್ನಿ. ಹೊಸ ಬಾಕಿ ಮತ್ತು ದಾಸ್ತಾನು ಮೊದಲಿನಷ್ಟೇ ಇದ್ದಲ್ಲಿ, ಸೆಳೆಯಬಹುದಾದ ಮೊತ್ತ 11 ಲಕ್ಷ 25 ಸಾವಿರಕ್ಕೆ ಏರುತ್ತದೆ.

ಆರನೆಯ ತಿಂಗಳಲ್ಲಿ ದಾಸ್ತಾನಿನ ಪಟ್ಟಿ, ದಿನಗಳ ಲೆಕ್ಕದಲ್ಲಿ ವಿಂಗಡಿಸಿದ ಬಾಕಿದಾರರ ಪಟ್ಟಿ ಮತ್ತು ತಾತ್ಕಾಲಿಕ ಅಢಾವೆ ಪತ್ರಿಕೆಯೊಡನೆ ಹೊಸ ಅರ್ಜಿ ಸಿದ್ಧವಾಗಲಿ. ಅರ್ಧ ವರ್ಷದಲ್ಲಿ 29 ಲಕ್ಷ ಮಾರಾಟವಾಗಿದ್ದರೆ ವರ್ಷಕ್ಕೆ 60 ಲಕ್ಷವೆಂಬ ಅಂದಾಜು ನಂಬುವಂಥದ್ದು. ಅದರಂತೆ ಕೋರಿಕೆ 12 ಲಕ್ಷ, ಮಾಲೀಕರ ಪಾಲು 3 ಲಕ್ಷ. ಹಿಂದಿನ ಕಾರಣಪತ್ರವನ್ನೂ, ಪ್ರತಿ ಕಾರಣಕ್ಕೆ ಕೈಗೊಂಡ ಕ್ರಮವನ್ನೂ ಒಂದು ಪುಟದಲ್ಲಿ ಬರೆದು ಲಗತ್ತಿಸುವುದು ಉಚಿತ.

ಘಟಕದ ಸ್ವಂತ ಸಾಲವೇ ಎನ್.ಪಿ.ಎ. ಆಗಿದ್ದರೆ ಅಥವಾ ಅಡಮಾನದ ಆಸ್ತಿಯ ಹಕ್ಕುಪತ್ರದಲ್ಲಿ ದೋಷವಿದ್ದರೆ ಆರು ತಿಂಗಳು ಸಾಲದು. ಅವನ್ನು ಬಗೆಹರಿಸಿಕೊಳ್ಳುವವರೆಗೆ ಅರ್ಜಿಯನ್ನು ಮುಂದೂಡುವುದೇ ಲೇಸು.