ಮಿಶ್ರ ಸಭೆಯಲ್ಲಿ ವಂದನೆ: ಆಯ್ಕೆಯ ಪಾಠ

ತರಗತಿ: ಎಂಟು
ಅವಧಿ: ಎರಡು ಪಿರಿಯಡ್

ಉದ್ದೇಶ

ಭಾಷೆ, ಮತ, ವಯಸ್ಸು ಬೇರೆಬೇರೆಯಾಗಿರುವ ಹಲವರನ್ನು ಒಂದೇ ಕಡೆ ಎದುರುಗೊಳ್ಳುವಾಗ ಯಾವ ವಂದನೆ ಸೂಕ್ತವೆಂದು ವಿದ್ಯಾರ್ಥಿಯು ಕಾರಣಸಹಿತ ನಿರ್ಧರಿಸುವುದು. ವಂದನೆಗೆ ಸಂಬಂಧಿಸಿದ ಕನ್ನಡ ಪದಗಳ ಅರ್ಥಭೇದವನ್ನು ಅರಿಯುವುದು.

ಹಿನ್ನೆಲೆ

ಒಬ್ಬರನ್ನು ಒಬ್ಬರೇ ಕಂಡಾಗ ವಂದನೆ ಅವರಿಬ್ಬರ ನಡುವಿನ ವ್ಯವಹಾರ. ಹತ್ತು ಜನ ಒಟ್ಟಿಗೆ ನಿಂತಿರುವಾಗ ಅದು ಹಾಗಲ್ಲ. ಒಬ್ಬರಿಗೆ ಮಾಡಿದ್ದನ್ನು ಉಳಿದವರು ನೋಡುತ್ತಾರೆ, ತಮಗೆ ದೊರೆತದ್ದರೊಡನೆ ಹೋಲಿಸುತ್ತಾರೆ. ಬಿಡಿಯಾಗಿ ನೋಡಿದರೆ ಕೈಮುಗಿಯುವುದು ಗೌರವವೇ. ಆದರೆ ನಾಲ್ವರ ಕೈಕುಲುಕಿ ಐದನೆಯವರಿಗೆ ಮಾತ್ರ ಕೈಮುಗಿದರೆ, ಆ ಐದನೆಯವರು ಅದನ್ನು ಗೌರವವೆಂದು ಓದಲಾರರು. ಮುಟ್ಟಿಸಿಕೊಳ್ಳದ ಕಾಲವನ್ನು ಕಂಡ ಮನೆತನದವರಾದರೆ ಆ ನೋವು ಇನ್ನೂ ಆಳವಾಗಿರುತ್ತದೆ. ಆದ್ದರಿಂದ ಈ ಪಾಠದ ತಿರುಳು ಇಷ್ಟು: ಮಿಶ್ರ ಗುಂಪಿನಲ್ಲಿ ಮೊದಲ ವಂದನೆ ಎಲ್ಲರಿಗೂ ಒಂದೇ ಆಗಿರಲಿ, ಎರಡನೆಯದು ಎದುರಿನವರು ತೋರಿದ ದಾರಿಯಲ್ಲಿ ನಡೆಯಲಿ.

ನಾಲ್ಕು ವಂದನೆಗಳು ಕೇಳುವುದೇನು?

ಕೈಕುಲುಕಲು ಎರಡು ಕೈ ಬೇಕು, ಎರಡು ಒಪ್ಪಿಗೆ ಬೇಕು. ವಯಸ್ಸಿನಲ್ಲಿ ಹಿರಿಯರು, ಅಧಿಕಾರದಲ್ಲಿ ಮೇಲಿರುವವರು, ಗಂಡುಹೆಣ್ಣಿನ ನಡುವೆಯಾದರೆ ಹೆಣ್ಣು ಮೊದಲು ಕೈ ಚಾಚುವುದು ವಾಡಿಕೆ. ವಿದ್ಯಾರ್ಥಿಯು ತಾನಾಗಿ ಚಾಚಬೇಕಾಗಿಲ್ಲ. ಚಾಚಿದ ಕೈಯನ್ನು ಬಲಗೈಯಿಂದ ಹಿಡಿದು, ಮುಖ ನೋಡಿ, ಒಂದೆರಡು ಸಲ ಅಲುಗಿಸಿ ಬಿಟ್ಟರೆ ಸಾಕು.

ಅಪ್ಪುಗೆಗೆ ಪರಿಚಯ ಸಾಲದು, ಸಲುಗೆ ಬೇಕು. ಎದುರಿನವರ ಎರಡೂ ತೋಳು ಮೇಲೇಳದಿದ್ದರೆ ಅಥವಾ ಭುಜ ಹಿಂದೆ ಸರಿದರೆ ಅವರಿಗೆ ಅದು ಬೇಡವೆಂದು ತಿಳಿಯಬೇಕು. ಈದ್ ದಿನ ಗೆಳೆಯರು ಅಪ್ಪಿಕೊಳ್ಳುವುದು ಹಬ್ಬದ ಪದ್ಧತಿ. ಅದನ್ನು ಸಭೆಯ ಬಾಗಿಲಿಗೆ ತರಬೇಕಾಗಿಲ್ಲ.

ತಲೆಬಾಗುವುದರಲ್ಲಿ ಹಲವು ಮೆಟ್ಟಿಲುಗಳಿವೆ: ಕೈಮುಗಿದು ಕತ್ತು ಕೊಂಚ ಬಾಗಿಸುವುದು, ಕಾಲು ಮುಟ್ಟುವುದು, ಅಡ್ಡಬೀಳುವುದು. ಮೊದಲನೆಯದು ಎಲ್ಲರಿಗೂ ಸಲ್ಲುತ್ತದೆ. ಕಾಲು ಮುಟ್ಟುವುದು ಮನೆಯಲ್ಲಿ, ಮಠದಲ್ಲಿ ಸಹಜ. ಸಾಲಾಗಿ ನಿಂತ ಅತಿಥಿಗಳಲ್ಲಿ ಒಬ್ಬರಿಗೆ ಮಾತ್ರ ಮಾಡಿದರೆ ಉಳಿದವರು ಕಿರಿಯರಾಗುತ್ತಾರೆ. ಅಲ್ಲದೆ, ದೇವರೊಬ್ಬನಿಗಲ್ಲದೆ ಮನುಷ್ಯರಿಗೆ ಮಣಿಯಬಾರದೆಂದು ನಂಬಿದ ಮುಸ್ಲಿಮರು ಅನೇಕರಿದ್ದಾರೆ. ಅಂಥವರ ಕಾಲಿಗೆ ಬಾಗಿದರೆ ಅವರಿಗೆ ಮುಜುಗರ.

ತಲೆಯಾಡಿಸುವುದು ಅತಿ ಹಗುರವಾದ ವಂದನೆ. ಸಭೆ ಆರಂಭವಾದ ಮೇಲೆ ಬಂದವರಿಗೆ, ಅದೇ ದಿನ ಎರಡನೆಯ ಸಲ ಎದುರಾದವರಿಗೆ, ಕೈಯಲ್ಲಿ ನೀರಿನ ತಟ್ಟೆ ಇರುವಾಗ ಅದು ಸಾಕು. ಮೊದಲ ಭೇಟಿಯಲ್ಲಿ ಹಿರಿಯರಿಗೆ ಅದೊಂದೇ ಆದರೆ ಅಸಡ್ಡೆಯಾಗಿ ಕಾಣುತ್ತದೆ. ಜೊತೆಗೆ ಮಾತು ಬೇಕು.

ಒಂದು ಸನ್ನಿವೇಶ

ಇದು ಪಾಠಕ್ಕಾಗಿ ರೂಪಿಸಿದ್ದು. ಅಕ್ಕಲಕೋಟೆ ತಾಲ್ಲೂಕಿನ ಒಂದು ಕನ್ನಡ ಶಾಲೆಯಲ್ಲಿ ಶಾಲಾ ವ್ಯವಸ್ಥಾಪನ ಸಮಿತಿಯ ಸಭೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇದರ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಹೀಗಾಗಿ ಸಮಿತಿಯೇ ಒಂದು ಮಿಶ್ರ ಗುಂಪು. ಬಾಗಿಲಲ್ಲಿ ಸ್ವಾಗತಿಸಲು ಎಂಟನೆಯ ತರಗತಿಯ ಹುಡುಗ ನಿಂತಿದ್ದಾನೆ. ಒಟ್ಟಿಗೆ ಬರುತ್ತಿರುವವರು ಐವರು: ಮರಾಠಿ ಮಾತನಾಡುವ ಕೇಂದ್ರ ಪ್ರಮುಖರು, ಊರಿನ ಮಠದ ಅಜ್ಜನವರು, ಒಬ್ಬ ಮುಸ್ಲಿಂ ತಾಯಿ, "ಜೈ ಭೀಮ್" ಎಂದು ವಂದಿಸುವ ಒಬ್ಬ ಪಾಲಕರು, ಮತ್ತು ಆ ಹುಡುಗನ ಸ್ವಂತ ಸೋದರಮಾವ.

ಅವರು ಮೂರು ಹೆಜ್ಜೆ ದೂರವಿರುವಾಗಲೇ ಹುಡುಗನು ಕೈಮುಗಿದು, ಕತ್ತು ಬಾಗಿಸಿ, ಐವರ ಮುಖವನ್ನೂ ಒಮ್ಮೆ ನೋಡಿ "ಎಲ್ಲಾರಿಗೂ ನಮಸ್ಕಾರ್ರೀ, ಒಳಗ ಬರ್ರಿ" ಎನ್ನಬೇಕು. ದೂರದ ಲೆಕ್ಕ ಇಲ್ಲಿ ಮುಖ್ಯ. ಮೂರು ಹೆಜ್ಜೆಯಲ್ಲಿ ಮುಗಿದ ಕೈ ವಂದನೆ. ಎದುರಿನವರು ಹತ್ತಿರ ಬಂದು ಕೈ ಚಾಚಿದ ಮೇಲೆ ಮುಗಿದ ಕೈ ನಿರಾಕರಣೆ.

ಇನ್ನು ಎರಡನೆಯ ವಂದನೆ. ಕೇಂದ್ರ ಪ್ರಮುಖರು ಕೈ ಚಾಚಿದರೆ ಅವನು ಕುಲುಕಬೇಕು. ಆದರೆ ಆ ಕ್ಷಣದಿಂದ ಪಕ್ಕದಲ್ಲಿರುವ ಪಾಲಕರು ತಮ್ಮ ಸರದಿಗಾಗಿ ನೋಡುತ್ತಿರುತ್ತಾರೆಂಬುದನ್ನು ಮರೆಯಬಾರದು. ಅವರು "ಜೈ ಭೀಮ್" ಎಂದರೆ "ಜೈ ಭೀಮ್" ಎಂದೇ ಉತ್ತರಿಸಿ, ಇಲ್ಲಿ ಕಿರಿಯನು ಕಾಯಬೇಕೆಂಬ ವಾಡಿಕೆಯನ್ನು ಬದಿಗಿಟ್ಟು, ತಾನೇ ಕೈ ಮುಂದೆ ಮಾಡಬೇಕು. ಅವರು ಕೈಮುಗಿದರೆ ಅವನೂ ಮುಗಿಯಲಿ. ಆಗ ಆಯ್ಕೆ ಅವರದಾಗಿರುತ್ತದೆ, ಹುಡುಗನದಲ್ಲ. ವ್ಯತ್ಯಾಸವಿರುವುದು ಇಲ್ಲಿಯೇ.

ತಾಯಿಯವರು ಸೆರಗು ಹಿಡಿದು ನಿಂತಿದ್ದರೆ ಅಥವಾ ಬಲಗೈಯನ್ನು ಎದೆಗಿಟ್ಟರೆ ಕೈಕುಲುಕುವುದು ಬೇಡವೆಂದು ಅರ್ಥ. ಹುಡುಗನೂ ಬಲಗೈ ಎದೆಗಿಟ್ಟು "ಬರ್ರಿ, ಅಮ್ಮಾ" ಎಂದರೆ ಸಾಕು. ಅವರು ಸಲಾಮು ಹೇಳಿದರೆ ಸಲಾಮಿನಿಂದಲೇ ಉತ್ತರಿಸಬಹುದು. ಉಡುಪು ನೋಡಿ ತಾನೇ ಮೊದಲು ಸಲಾಮು ಹೇಳುವುದು ಮಾತ್ರ ಸರಿಯಲ್ಲ: ಬಂದವರು ಸಮಿತಿಯ ಸದಸ್ಯರು, ಒಂದು ಮತದ ಪ್ರತಿನಿಧಿಯಲ್ಲ.

ಅಜ್ಜನವರ ಕಾಲು ಮುಟ್ಟುವುದು ಅವನ ಮನೆಯ ರೂಢಿಯಾಗಿದ್ದರೆ ಸಭೆ ಮುಗಿದ ಮೇಲೆ ಅದನ್ನು ಮಾಡಲಿ. ಸೋದರಮಾವ ತೋಳು ಚಾಚಿದರೆ "ಮಾಮಾ, ಆಮ್ಯಾಲ ಭೆಟ್ಟಿ ಆಗ್ತೀನಿ" ಎಂದು ನಕ್ಕು ಒಳಗೆ ಕಳುಹಿಸಲಿ. ಬಾಗಿಲಲ್ಲಿ ಅವನು ಶಾಲೆಯ ಪರವಾಗಿ ನಿಂತವನು.

ತಪ್ಪಿದಾಗ

ಚಾಚಿದ ಕೈಗೆ ಪ್ರತಿಯಾಗಿ ಕೈ ಬಾರದಿದ್ದರೆ ಅದನ್ನು ಗಾಳಿಯಲ್ಲಿ ಬಿಡಬಾರದು, ಥಟ್ಟನೆ ಕೆಳಗಿಳಿಸಲೂಬಾರದು. ಅದೇ ಕೈಯನ್ನು ಎದೆಗೆ ತಂದು, ಎಡಗೈ ಸೇರಿಸಿ ನಮಸ್ಕಾರವಾಗಿಸಬೇಕು. ನೋಡಿದವರಿಗೆ ಅದು ಒಂದೇ ಚಲನೆಯಾಗಿ ಕಾಣುತ್ತದೆ. ಇಬ್ಬರ ಮಾನವೂ ಉಳಿಯುತ್ತದೆ. ಕ್ಷಮೆ ಕೇಳಿ ಮಾತು ಬೆಳೆಸಿದರೆ ಗಮನಿಸದವರೂ ಗಮನಿಸುತ್ತಾರೆ.

ಪದಗಳ ಕಡೆಗೆ

ಕೈಕುಲುಕುವುದಕ್ಕೆ ಬರಹದಲ್ಲಿ 'ಹಸ್ತಲಾಘವ' ಎನ್ನುತ್ತೇವೆ. ಸಂಸ್ಕೃತದಲ್ಲಿ ಈ ಪದಕ್ಕೆ ಕೈಚಳಕವೆಂಬ ಅರ್ಥ. ಕನ್ನಡ ಅದಕ್ಕೆ ಬೇರೆ ಕೆಲಸ ಕೊಟ್ಟಿದೆ. 'ತಲೆಬಾಗು' ಎಂದರೆ ವಂದಿಸು, ಮಣಿ. 'ತಲೆದೂಗು' ಎಂದರೆ ಮೆಚ್ಚು. 'ತಲೆಯಾಡಿಸು' ಎಂಬುದು ಹೌದು, ಅಲ್ಲ ಎರಡಕ್ಕೂ ಬಳಕೆಯಾಗುತ್ತದೆ. ಆದ್ದರಿಂದ ವಂದನೆಯ ಅರ್ಥದಲ್ಲಿ ಬರೆಯುವಾಗ 'ತಲೆಯಾಡಿಸಿ ವಂದಿಸಿದನು' ಎಂದು ಪೂರ್ಣವಾಗಿ ಬರೆಯಲು ಮಕ್ಕಳಿಗೆ ಹೇಳಬೇಕು.

ತರಗತಿಯಲ್ಲಿ

ಐವರು ಮಕ್ಕಳು ಅತಿಥಿಗಳಾಗಲಿ, ಒಬ್ಬರು ಬಾಗಿಲಲ್ಲಿ ನಿಲ್ಲಲಿ. ಅತಿಥಿಗಳಿಗೆ ಜಾತಿ ಮತಗಳ ಹೆಸರು ಕೊಡಬಾರದು. ಬದಲಾಗಿ 'ಕೈ ಚಾಚುವವರು', 'ಎದೆಗೆ ಕೈಯಿಡುವವರು', 'ಕೈಮುಗಿಯುವವರು' ಎಂದು ಚೀಟಿ ಕೊಡಬೇಕು. ಬಾಗಿಲಲ್ಲಿರುವ ಮಗುವಿಗೆ ಚೀಟಿಗಳು ತಿಳಿಯಬಾರದು. ಅದು ಸನ್ನೆಯನ್ನೇ ನೋಡಿ ಉತ್ತರಿಸಬೇಕು. ಉಳಿದವರು ಒಂದನ್ನೇ ಗುರುತಿಸಲಿ: ಯಾರಿಗಾದರೂ ಇತರರಿಗಿಂತ ಕಡಿಮೆ ದೊರೆಯಿತೇ?

ಅಭ್ಯಾಸ

1. ಮೂರು ಹೆಜ್ಜೆ ದೂರದಲ್ಲಿ ಕೈಮುಗಿಯುವುದಕ್ಕೂ, ಚಾಚಿದ ಕೈಯ ಎದುರು ಕೈಮುಗಿಯುವುದಕ್ಕೂ ಇರುವ ವ್ಯತ್ಯಾಸವನ್ನು ಬರೆಯಿರಿ.
2. ಕಿರಿಯನು ತಾನೇ ಮೊದಲು ಕೈ ಚಾಚುವುದು ಯಾವಾಗ ಸರಿ? ಕಾರಣ ಕೊಡಿರಿ.
3. ತಲೆಬಾಗು, ತಲೆದೂಗು, ತಲೆಯಾಡಿಸು: ಸ್ವಂತ ವಾಕ್ಯಗಳಲ್ಲಿ ಬಳಸಿರಿ.
4. ನಿಮ್ಮ ಊರಿನ ಸಂತೆಯಲ್ಲಿ ಒಂದು ದಿನ ಕೇಳಿಬಂದ ವಂದನೆಯ ಮಾತುಗಳನ್ನು, ಅವು ಯಾವ ಭಾಷೆಯವು ಎಂಬುದರೊಡನೆ ಪಟ್ಟಿ ಮಾಡಿರಿ.