ಗೇಟಿನ ಬೀಗದಲ್ಲಿ ಎರಡು ಲೋಹ: ಹತ್ತನೇ ತರಗತಿಯ ಒಂದು ಪಾಠ

ಬೋಧನಾಭ್ಯಾಸಕ್ಕಾಗಿ ನನ್ನನ್ನು ಬಾಗಲಗುಂಟೆಯ ಪ್ರೌಢಶಾಲೆಯೊಂದಕ್ಕೆ ಹಾಕಿದ್ದರು. ಹತ್ತನೇ ತರಗತಿಯ ‘ಲೋಹಗಳು ಮತ್ತು ಅಲೋಹಗಳು’ ಘಟಕದ ಕೊನೆಯ ಭಾಗ, ಅಂದರೆ ಲೋಹಗಳ ನಶಿಸುವಿಕೆ ಮತ್ತು ಮಿಶ್ರಲೋಹಗಳು, ನನ್ನ ಪಾಲಿಗೆ ಬಂದಿತ್ತು. ಪಾಠ ಯೋಜನೆಯಲ್ಲಿ ನಾನು ಬರೆದುಕೊಂಡಿದ್ದ ಮುಖ್ಯ ವಾಕ್ಯ ಇದು: ‘ಹಿತ್ತಾಳೆ ತುಕ್ಕು ಹಿಡಿಯುವುದಿಲ್ಲ. ಆದ್ದರಿಂದ ಹೊರಾಂಗಣಕ್ಕೆ ಹಿತ್ತಾಳೆ ಬೀಗ ಸೂಕ್ತ.’ ಈ ವಾಕ್ಯ ಅರ್ಧ ಮಾತ್ರ ಸರಿ ಎಂದು ತೋರಿಸಿಕೊಟ್ಟದ್ದು ಅದೇ ಶಾಲೆಯ ಗೇಟಿನ ಬೀಗ.

ಪಾಠಕ್ಕೆ ಮೊದಲು ನಡೆದದ್ದು

ಮಳೆಗಾಲದ ಒಂದು ಬೆಳಿಗ್ಗೆ ಹಿಂದಿನ ಗೇಟು ತೆರೆಯಲಿಲ್ಲ. ಬೀಗದ ಒಡಲು ಹಿತ್ತಾಳೆಯದು, ಕೊಂಡಿ ಹೊಳೆಯುವ ಉಕ್ಕಿನದು. ಕೀಲಿ ಸಲೀಸಾಗಿ ತಿರುಗುತ್ತಿತ್ತು, ಆದರೆ ಕೊಂಡಿ ಮೇಲೇಳುತ್ತಿರಲಿಲ್ಲ. ಸಿಬ್ಬಂದಿಯ ಅಣ್ಣನೊಬ್ಬರು ಹ್ಯಾಕ್ಸಾ ಬ್ಲೇಡು ತಂದು ಕೊಂಡಿಯನ್ನು ಕೊಯ್ಯಲು ಹೊರಟರು. ಬ್ಲೇಡು ಗಾಜಿನ ಮೇಲೆ ಜಾರಿದಂತೆ ಜಾರಿತು. ಹತ್ತು ನಿಮಿಷದಲ್ಲಿ ಬ್ಲೇಡಿನ ಹಲ್ಲುಗಳು ಸವೆದವು, ಕೊಂಡಿಯ ಮೇಲೆ ಬರೀ ಒಂದು ಗೆರೆ ಬಿತ್ತು. ಕೊನೆಗೆ ಅವರು ಬೀಗವನ್ನು ಬಿಟ್ಟು ಗೇಟಿನ ಚಿಲಕದ ಪಟ್ಟಿಯನ್ನೇ ಕೊಯ್ದರು. ಅದು ಕ್ಷಣಗಳಲ್ಲಿ ತುಂಡಾಯಿತು.

ಆ ಬೀಗವನ್ನು ಮುಖ್ಯೋಪಾಧ್ಯಾಯರಿಂದ ಕೇಳಿ ಪಡೆದೆ. ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಸಿ, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಕೊಂಡಿ ಮೇಲೆದ್ದಿತು. ಹೊರಗೆ ಕಾಣುತ್ತಿದ್ದ ಭಾಗ ಇನ್ನೂ ಹೊಳೆಯುತ್ತಿತ್ತು. ಒಡಲಿನ ರಂಧ್ರದೊಳಗೆ ಅಡಗಿದ್ದ ಕಾಲು ಮಾತ್ರ ತುಕ್ಕಿನಿಂದ ಗುಳಿಬಿದ್ದಿತ್ತು. ಪಾಠ ಯೋಜನೆಯನ್ನು ಆ ರಾತ್ರಿಯೇ ಬದಲಿಸಿ ಬರೆದೆ.

ಮೊದಲ ಹಂತ: ಅರ ಮತ್ತು ಆಯಸ್ಕಾಂತ

ಮನೆಯಲ್ಲಿ ಬಳಕೆಯಲ್ಲಿಲ್ಲದ ಹಳೆಯ ಬೀಗಗಳನ್ನು ಮಾತ್ರ ತರುವಂತೆ ಮಕ್ಕಳಿಗೆ ಹೇಳಿದ್ದೆ. ಪ್ರತಿ ಗುಂಪಿಗೂ ಒಂದು ಆಯಸ್ಕಾಂತ ಕೊಟ್ಟೆ. ಅರವನ್ನು ನಾನೇ ಹಿಡಿದು ತೋರಿಸಿದೆ.

ಹಳದಿ ಒಡಲಿನ ಒಂದು ಬೀಗಕ್ಕೆ ಆಯಸ್ಕಾಂತ ಗಟ್ಟಿಯಾಗಿ ಅಂಟಿಕೊಂಡಿತು. ಅದು ಕಬ್ಬಿಣ, ಮೇಲೆ ಹಿತ್ತಾಳೆಯ ಬಣ್ಣದ ಲೇಪ ಅಷ್ಟೆ. ಅಂಟದಿದ್ದುದೆಲ್ಲ ಹಿತ್ತಾಳೆಯೇ ಎಂದು ಮಕ್ಕಳು ತೀರ್ಮಾನಿಸಿದರು. ಇಲ್ಲಿ ಎಚ್ಚರ ಬೇಕು. ಸತುವಿನ ಮಿಶ್ರಲೋಹವನ್ನು ಅಚ್ಚಿನಲ್ಲಿ ಎರಕ ಹೊಯ್ದು ಹಳದಿ ಲೇಪ ಕೊಟ್ಟ ಬೀಗಗಳಿಗೂ ಆಯಸ್ಕಾಂತ ಅಂಟುವುದಿಲ್ಲ. ಒಡಲಿನ ತಳದಲ್ಲಿ ಅರದಿಂದ ಒಂದು ಗೀರು ಎಳೆದರೆ ತಿಳಿಯುತ್ತದೆ: ಒಳಗೂ ಹಳದಿಯಾದರೆ ಹಿತ್ತಾಳೆ, ಬೂದು ಬಿಳುಪಾದರೆ ಸತುವಿನ ಮಿಶ್ರಲೋಹ.

ನಂತರ ಅರವನ್ನು ಕೊಂಡಿಗಳ ಮೇಲೆ ಎಳೆದೆ. ಅಗ್ಗದ ಬೀಗದ ಕೊಂಡಿಯನ್ನು ಅರ ಕಚ್ಚಿತು, ಪುಡಿ ಉದುರಿತು. ಗೇಟಿನ ಬೀಗದ ಕೊಂಡಿಯ ಮೇಲೆ ಕಿರ್‍ರೆಂದು ಜಾರಿತು. ಅರವೂ ಗಡಸು ಉಕ್ಕಿನದೇ. ಅದು ಜಾರಿದರೆ ಎದುರಿನ ಲೋಹವೂ ಹೆಚ್ಚುಕಡಿಮೆ ಅಷ್ಟೇ ಗಡಸು ಎಂದರ್ಥ.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಮಿಸ್, ನಮ್ಮಪ್ಪ ಪೀಣ್ಯದಲ್ಲಿ ಹೀಟ್ ಟ್ರೀಟ್‌ಮೆಂಟ್ ಕೆಲಸ ಮಾಡ್ತಾರೆ. ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದುತ್ತಾರೆ,” ಎಂದ. ಮುಂದಿನ ವಿವರಣೆಯನ್ನು ಅವನ ಮಾತಿನಿಂದಲೇ ಬೆಳೆಸಿದೆ. ಸಾಕಷ್ಟು ಇಂಗಾಲವಿರುವ ಉಕ್ಕನ್ನು ಕೆಂಪಗೆ ಕಾಯಿಸಿ ಥಟ್ಟನೆ ತಣಿಸಿದರೆ ಗಡಸಾಗುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ಆದ್ದರಿಂದ ಮತ್ತೆ ಸ್ವಲ್ಪ ಕಾಯಿಸಿ ಹದ ಮಾಡುತ್ತಾರೆ. ಇಂಗಾಲ ಕಡಿಮೆ ಇರುವ ಉಕ್ಕಾದರೆ ಮೊದಲು ಹೊರಪದರಕ್ಕೆ ಇಂಗಾಲ ಸೇರಿಸುತ್ತಾರೆ. ಆಗ ಹೊರಗೆ ಗಡಸು, ಒಳಗೆ ಪೆಟ್ಟು ತಾಳುವ ಗುಣ ಉಳಿಯುತ್ತದೆ.

ಗಡಸು ಮಾಡಿದ ಉಕ್ಕು ಬ್ಲೇಡನ್ನು ತಡೆಯುತ್ತದೆ, ತುಕ್ಕನ್ನು ತಡೆಯುವುದಿಲ್ಲ. ಅದು ಇನ್ನೂ ಕಬ್ಬಿಣವೇ. ಹಿತ್ತಾಳೆಗೆ ಕೆಂಪು ತುಕ್ಕಿಲ್ಲ, ಆದರೆ ಅದು ಅರಕ್ಕೆ ಸುಲಭವಾಗಿ ಸವೆಯುತ್ತದೆ. ಅದಕ್ಕೇ ಒಂದೇ ಬೀಗದಲ್ಲಿ ಎರಡು ಲೋಹ. ನಮ್ಮ ಬೀಗ ಕೆಟ್ಟದ್ದು ಆ ಎರಡೂ ಸೇರುವ ಜಾಗದಲ್ಲಿ.

ಎರಡನೇ ಹಂತ: ಒಂದು ಪ್ರಶ್ನೆ

ಕ್ರಿಯಾಶೀಲತಾ ಸರಣಿಯನ್ನು ಹಲಗೆಯ ಮೇಲೆ ಬರೆದಿದ್ದೆ: ಸತು, ಅದರ ಕೆಳಗೆ ಕಬ್ಬಿಣ, ಇನ್ನೂ ಕೆಳಗೆ ತಾಮ್ರ. ಒಬ್ಬ ಹುಡುಗಿ ಕೇಳಿದಳು: “ಹಿತ್ತಾಳೆಯಲ್ಲಿ ಸತು ಇದೆಯಲ್ಲ ಮಿಸ್? ಸತುವಿನ ಲೇಪ ಕಬ್ಬಿಣವನ್ನು ಕಾಪಾಡುತ್ತದೆ ಅಂದರೆ, ಹಿತ್ತಾಳೆಯೂ ಕೊಂಡಿಯನ್ನು ಕಾಪಾಡಬೇಕಲ್ಲವಾ?”

ಬೀಗದ ಹಿತ್ತಾಳೆಯಲ್ಲಿ ಸುಮಾರು 60 ಭಾಗ ತಾಮ್ರ, ಉಳಿದದ್ದು ಹೆಚ್ಚಾಗಿ ಸತು. ಆದ್ದರಿಂದ ಅವಳ ತರ್ಕದಲ್ಲಿ ದೋಷವಿರಲಿಲ್ಲ. ಉತ್ತರ ಹೇಳುವ ಬದಲು ಪ್ರಯೋಗ ಹೂಡಿದೆ. ಲೇಪವಿಲ್ಲದ ಮೂರು ಮೊಳೆಗಳನ್ನು ಮರಳು ಕಾಗದದಿಂದ ಉಜ್ಜಿದೆವು. ಒಂದನ್ನು ಹಾಗೇ ಬಿಟ್ಟೆವು, ಇನ್ನೊಂದಕ್ಕೆ ಹಿತ್ತಾಳೆ ತಂತಿ, ಮತ್ತೊಂದಕ್ಕೆ ಸತುವಿನ ಲೇಪವಿರುವ ಜಿಐ ತಂತಿ ಬಿಗಿಯಾಗಿ ಸುತ್ತಿದೆವು. ಮೂರನ್ನೂ ಲೋಟಕ್ಕೆ ಒಂದು ಚಮಚ ಉಪ್ಪು ಬೆರೆಸಿದ ನೀರಿನಲ್ಲಿಟ್ಟೆವು.

ಮರುದಿನ ಮೊದಲೆರಡರ ನಡುವೆ ಹೆಚ್ಚು ವ್ಯತ್ಯಾಸವಿರಲಿಲ್ಲ. ಮಕ್ಕಳು ನಿರಾಶರಾದರು, ನಾನೂ ಆದೆ. ನಾಲ್ಕನೇ ದಿನ ಸ್ಪಷ್ಟವಾಯಿತು. ಹಿತ್ತಾಳೆ ಸುತ್ತಿದ ಮೊಳೆ ಒಂಟಿ ಮೊಳೆಗಿಂತ ಹೆಚ್ಚು ತುಕ್ಕು ಹಿಡಿದಿತ್ತು. ಜಿಐ ತಂತಿಯ ಮೊಳೆ ಸ್ವಚ್ಛವಾಗಿತ್ತು, ತಂತಿಯ ಮೇಲೆ ಬಿಳಿ ಪುಡಿ ಕೂತಿತ್ತು. ಹಿತ್ತಾಳೆಯೊಳಗೆ ಸತು ಬಿಡಿ ಲೋಹವಾಗಿ ಉಳಿದಿಲ್ಲ, ತಾಮ್ರದೊಂದಿಗೆ ಬೆರೆತು ಮಿಶ್ರಲೋಹವಾಗಿದೆ. ನೀರಿನಲ್ಲಿ ಅದರ ನಡತೆ ತಾಮ್ರಕ್ಕೆ ಹತ್ತಿರ. ಆದ್ದರಿಂದ ಎರಡೂ ಒದ್ದೆಯಾಗಿ ತಾಗಿಕೊಂಡಿದ್ದರೆ ಮೊದಲು ಸವೆಯುವುದು ಕಬ್ಬಿಣ.

ಮೂರನೇ ಹಂತ: ಬೀಗಕ್ಕೆ ಮರಳಿದ್ದು

ಈಗ ಗೇಟಿನ ಬೀಗವನ್ನು ಮಕ್ಕಳೇ ವಿವರಿಸಿದರು. ಕೊಂಡಿಯ ಹೊಳಪು ಕ್ರೋಮಿಯಂ ಲೇಪದ್ದು. ಅದು ಸತುವಿನಂತೆ ತಾನು ಸವೆದು ಕಬ್ಬಿಣವನ್ನು ಉಳಿಸುವುದಿಲ್ಲ, ಬರೀ ಹೊದಿಕೆಯಂತೆ ಮುಚ್ಚುತ್ತದೆ. ತೆರೆದು ಹಾಕುವಾಗಲೆಲ್ಲ ರಂಧ್ರದ ಅಂಚಿಗೆ ಉಜ್ಜಿ ಅಲ್ಲಿ ಗೀರು ಬೀಳುತ್ತದೆ. ಮಳೆನೀರು ಮತ್ತು ದೂಳು ರಂಧ್ರದಲ್ಲಿ ನಿಲ್ಲುತ್ತವೆ. ಪಕ್ಕದಲ್ಲೇ ಹಿತ್ತಾಳೆ. ಹುಟ್ಟಿದ ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಕಾಲು ರಂಧ್ರದಲ್ಲಿ ಬಿಗಿಯುತ್ತದೆ. ಕೀಲಿ ತಿರುಗಿ ಕೊಂಡಿ ಏಳದಿದ್ದರೆ ದೋಷ ಇಲ್ಲಿದೆ. ಕೀಲಿಯೇ ತಿರುಗದಿದ್ದರೆ ದೋಷ ಕೀಲಿಯ ಭಾಗದೊಳಗೆ.

ಪರಿಹಾರವನ್ನೂ ಅವರೇ ಹುಡುಕಿದರು: ಮಳೆಗಾಲಕ್ಕೆ ಮೊದಲು ಕೊಂಡಿಯ ಎರಡೂ ರಂಧ್ರಗಳಿಗೆ ಹೊಲಿಗೆ ಯಂತ್ರದ ಎಣ್ಣೆಯ ಕೆಲವು ಹನಿ, ಬೀಗದ ಮೇಲೊಂದು ರಬ್ಬರಿನ ಮುಚ್ಚಳ. ಕೊಬ್ಬರಿ ಎಣ್ಣೆ ಬೇಡವೆಂದು ನಾನು ಸೇರಿಸಿದೆ. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ, ನಮ್ಮೂರಿನ ಚಳಿಗಾಲದ ಬೆಳಗು ಅದಕ್ಕಿಂತ ತಣ್ಣಗಿರುತ್ತದೆ.

ಮೌಲ್ಯಮಾಪನ

ಒಂದೇ ಪ್ರಶ್ನೆ ಕೊಟ್ಟೆ: ಕಾರವಾರದ ಕಡಲ ದಂಡೆಯ ಮನೆಯ ಗೇಟಿಗೆ ಇದೇ ಬೀಗ ಸಾಕೇ? ಉಪ್ಪುಗಾಳಿಯ ಕಾರಣ ಹೇಳಿ ಹೆಚ್ಚಿನವರು ಸಾಲದು ಎಂದರು. ಕೆಲವರು ತುಕ್ಕುನಿರೋಧಕ ಉಕ್ಕಿನ ಕೊಂಡಿ ಬೇಕೆಂದು ಬರೆದರು. ಒಬ್ಬಳು ಮಾತ್ರ ಮುಂದುವರಿಸಿ, ‘ಆದರೆ ಅದು ಅಷ್ಟು ಗಡಸಲ್ಲದಿದ್ದರೆ ಕೊಯ್ಯುವುದು ಸುಲಭ’ ಎಂದು ಸೇರಿಸಿದ್ದಳು. ಬೀಗಗಳಲ್ಲಿ ಸಾಮಾನ್ಯವಾಗಿ ಬಳಸುವ ತುಕ್ಕುನಿರೋಧಕ ಉಕ್ಕು ಕಾಯಿಸಿ ತಣಿಸಿದರೆ ಗಡಸಾಗುವುದಿಲ್ಲ. ಹಾಗಾಗಿ ಅವಳ ಮಾತು ನಿಜ.

ವೀಕ್ಷಿಸಿದ ಮಾರ್ಗದರ್ಶಕರು ಎರಡು ಕೊರತೆ ಗುರುತಿಸಿದರು. ನಾಲ್ಕು ದಿನ ಬೇಕಾಗುವ ಪ್ರಯೋಗವನ್ನು ಒಂದು ಅವಧಿಯ ಪಾಠದೊಳಗೆ ಹೂಡಿದ್ದು ಒಂದು. ಅದನ್ನು ಘಟಕದ ಮೊದಲ ದಿನವೇ ಇಡಬೇಕಿತ್ತು. ಚಿಲಕದ ಪಟ್ಟಿಯನ್ನು ನಾನು ಮರೆತದ್ದು ಇನ್ನೊಂದು. “ಕೊಂಡಿ ಎಷ್ಟೇ ಗಡಸಾಗಿರಲಿ, ಆ ಗೇಟು ತೆರೆದದ್ದು ಮೆದು ಕಬ್ಬಿಣದ ಪಟ್ಟಿಯಿಂದ,” ಎಂದರು. ಶಾಲೆಯವರು ಹೊಸ ಬೀಗ ತಂದಿದ್ದಾರೆ. ಪಟ್ಟಿ ಮಾತ್ರ ಹಳೆಯ ಮಾದರಿಯದೇ.