ಸೌರ ಪಂಪ್‌ಸೆಟ್ ಮತ್ತು ಕೊಳವೆಮಾರ್ಗಕ್ಕೆ ವಿಮೆ: ಕಂಪನಿಗೆ ಬರೆಯುವ ಇ-ಮೇಲ್

ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ ಕೇಂದ್ರ ಸರ್ಕಾರಿ ನೌಕರರ ದೊಡ್ಡ ವಸತಿ ಬಡಾವಣೆಯಿದೆ. ಅಲ್ಲಿ ವಾಸಿಸುವ ಕನ್ನಡಿಗ ನೌಕರನೊಬ್ಬನ ತಂದೆಗೆ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ, ಭೀಮಾ ನದಿಯಿಂದ ಅಷ್ಟೇನೂ ದೂರವಲ್ಲದ ಕಡೆ, ನಿಂಬೆ ತೋಟವಿದೆಯೆಂದು ಉದಾಹರಣೆಗಾಗಿ ಭಾವಿಸಬಹುದು. ತೋಟದ ಕೊಳವೆಬಾವಿಗೆ ಸಹಾಯಧನದ ಯೋಜನೆಯಡಿ 5 ಅಶ್ವಶಕ್ತಿಯ ಸೌರ ಪಂಪು ಬಂದಿದೆ. ಅಲ್ಲಿಂದ ಗಿಡಗಳವರೆಗೆ 400 ಮೀಟರ್ ಉದ್ದದ ಪಿವಿಸಿ ಕೊಳವೆಯನ್ನು ತಂದೆ ಸ್ವಂತ ಖರ್ಚಿನಿಂದ ಹೂಳಿಸಿದ್ದಾರೆ. ಇವೆರಡಕ್ಕೂ ವಿಮೆ ಕೋರಿ ವಿಮಾ ಕಂಪನಿಗೆ ಇ-ಮೇಲ್ ಕಳುಹಿಸುವ ಕೆಲಸ ಮುಂಬಯಿಯ ಮಗನ ಪಾಲಿಗೆ ಬಂದಿದೆ.

ವಿಮೆ ಪಡೆಯುವವರು ಯಾರು ಎಂಬುದು ಮೊದಲು ಸ್ಪಷ್ಟವಾಗಬೇಕು. ಸ್ವತ್ತು ನಾಶವಾದರೆ ಯಾರಿಗೆ ನಷ್ಟವಾಗುತ್ತದೆಯೋ ಅವರ ಹೆಸರಿಗೇ ಪಾಲಿಸಿ ಇರತಕ್ಕದ್ದು. ಪಹಣಿಯೂ ಪಂಪಿನ ಮಂಜೂರಾತಿಯೂ ತಂದೆಯ ಹೆಸರಿನಲ್ಲಿರುವಾಗ, ಪತ್ರ ಬರೆದವನೆಂಬ ಕಾರಣಕ್ಕೆ ಮಗನ ಹೆಸರಿಗೆ ಪಾಲಿಸಿ ಬಂದರೆ ಪರಿಹಾರದ ಸಮಯದಲ್ಲಿ ತಕರಾರು ಏಳುತ್ತದೆ. ಅಂತೆಯೇ ಪತ್ರವ್ಯವಹಾರದ ವಿಳಾಸ ಆಂಟಾಪ್ ಹಿಲ್ ಆಗಿರಬಹುದು. ಆದರೆ ಸ್ವತ್ತು ಇರುವ ಸ್ಥಳವೆಂದು ಗ್ರಾಮ ಮತ್ತು ಸರ್ವೆ ನಂಬರನ್ನೇ ನಮೂದಿಸಬೇಕು.

ಎರಡನೆಯದಾಗಿ, ಪಂಪಿಗೆ ಈಗಾಗಲೇ ವಿಮೆ ಇದೆಯೇ ಎಂದು ವಿಚಾರಿಸಬೇಕು. 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯ ಮಾರ್ಗಸೂಚಿಯಂತೆ, ಪಂಪು ಒದಗಿಸಿದವರು ಐದು ವರ್ಷಗಳ ನಿರ್ವಹಣೆಯ ಜೊತೆಗೆ ಪ್ರಕೃತಿ ವಿಕೋಪ ಮತ್ತು ಕಳ್ಳತನದ ವಿರುದ್ಧ ವಿಮೆಯನ್ನೂ ಮಾಡಿಸಬೇಕು. ಆ ಪಾಲಿಸಿಯ ಪ್ರತಿಯನ್ನು ಅವರಿಂದ ಕೇಳಿ ಪಡೆಯಬೇಕು. ಅದನ್ನು ಮುಚ್ಚಿಟ್ಟು ಮತ್ತೊಂದು ವಿಮೆ ಮಾಡಿಸಿದರೆ ಲಾಭವೇನೂ ಇಲ್ಲ. ಒಂದೇ ನಷ್ಟಕ್ಕೆ ಎರಡು ಕಡೆ ಪೂರ್ಣ ಪರಿಹಾರ ದೊರೆಯುವುದಿಲ್ಲ. ರೈತನು ತಾನೇ ಹಾಕಿಸಿದ ಕೊಳವೆಮಾರ್ಗ ಮಾತ್ರ ಸಾಮಾನ್ಯವಾಗಿ ಆ ವಿಮೆಯ ಹೊರಗೆ ಉಳಿದಿರುತ್ತದೆ.

ಮೂರನೆಯದು ವಿಮಾ ಮೊತ್ತ. ಹೆಚ್ಚಿನವರು ಎಡವುವುದು ಇಲ್ಲಿಯೇ. ಪಂಪು, ಫಲಕ, ಕಂಟ್ರೋಲರ್ ಎಲ್ಲದರ ಬೆಲೆ 4,00,000 ರೂಪಾಯಿ, ರೈತನು ತೆತ್ತ ಪಾಲು 80,000 ರೂಪಾಯಿ ಎಂದಿಟ್ಟುಕೊಂಡರೆ, ತಾನು ಕೊಟ್ಟಷ್ಟಕ್ಕೆ ವಿಮೆ ಸಾಕೆಂದು ರೈತನಿಗೆ ತೋರುವುದು ಸಹಜ. ಆದರೆ ಪಾಲಿಸಿಯಲ್ಲಿ ಸರಾಸರಿ ಷರತ್ತು ಇದ್ದಲ್ಲಿ, ಸ್ವತ್ತಿನ ಬೆಲೆಯ ಎಷ್ಟು ಭಾಗಕ್ಕೆ ವಿಮೆ ಇದೆಯೋ ನಷ್ಟದ ಅಷ್ಟೇ ಭಾಗ ದೊರೆಯುತ್ತದೆ. 80,000 ರೂಪಾಯಿ ಎಂಬುದು 4,00,000ದ ಐದನೆಯ ಒಂದು ಭಾಗ. ಒಂದು ರಾತ್ರಿ 1,00,000 ರೂಪಾಯಿ ಬೆಲೆಯ ಫಲಕಗಳು ಕಳುವಾದರೆ ಕೈಗೆ ಬರುವುದು 20,000 ರೂಪಾಯಿ ಮಾತ್ರ. ಆದುದರಿಂದ ಸಹಾಯಧನವನ್ನು ಕಳೆಯದೆ ಪೂರ್ಣ ಬೆಲೆಯನ್ನು ತಿಳಿಸಬೇಕು.

ಇನ್ನು ಅಳವಡಿಕೆಯ ಪುರಾವೆ. ಪಂಪಿನ ವಿಷಯದಲ್ಲಿ ಇದು ಕಷ್ಟವಲ್ಲ. ಸರಬರಾಜುದಾರರ ಬಿಲ್ಲು, ಪಂಪು ಚಾಲನೆಗೊಂಡ ಪ್ರಮಾಣಪತ್ರ, ಮೋಟಾರು, ಕಂಟ್ರೋಲರ್ ಹಾಗೂ ಪ್ರತಿಯೊಂದು ಫಲಕದ ಕ್ರಮಸಂಖ್ಯೆ ಇವು ಸಾಕಾಗುತ್ತವೆ. ಬಿಲ್ಲಿನ ಸಂಖ್ಯೆಯೂ ಫಲಕದ ಮೇಲಿರುವ ಸಂಖ್ಯೆಯೂ ಒಂದೇ ಆಗಿವೆಯೇ ಎಂದು ತೋಟದಲ್ಲಿ ನಿಂತು ತಾಳೆ ನೋಡಬೇಕು. ಕೊಳವೆಬಾವಿಯೊಳಗೆ ಇಳಿಸುವ ಮೋಟಾರಿನ ಸಂಖ್ಯಾಫಲಕವನ್ನು ಇಳಿಸುವ ಮೊದಲೇ ಚಿತ್ರ ತೆಗೆದಿರಬೇಕು.

ಕೊಳವೆಮಾರ್ಗದ ಪಾಡು ಬೇರೆ. ಮಣ್ಣು ಮುಚ್ಚಿದ ಮರುದಿನ ಅಲ್ಲಿ ಕೊಳವೆ ಇದೆಯೆನ್ನುವುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿಯಿಲ್ಲ. ಅಂಗಡಿಯ ಬಿಲ್ಲು ಕೊಂಡದ್ದನ್ನು ತೋರಿಸುತ್ತದೆಯೇ ಹೊರತು ಹೂಳಿದ್ದನ್ನಲ್ಲ. ಆದ್ದರಿಂದ ಕಾಲುವೆ ತೆರೆದಿರುವಾಗಲೇ, ಆಳ ಕಾಣುವಂತೆ ಅಳತೆಪಟ್ಟಿ ಇಟ್ಟು, ಕೊಳವೆಯ ಮೇಲೆ ಮುದ್ರಿತವಾದ ವ್ಯಾಸ ಮತ್ತು ಐಎಸ್‌ಐ ಗುರುತು ಓದಲು ಬರುವಂತೆ, ಪ್ರತಿ ತಿರುವಿನಲ್ಲೂ ವಾಲ್ವಿನ ಬಳಿಯೂ ಚಿತ್ರ ತೆಗೆಯಬೇಕು. ಈಗಾಗಲೇ ಮುಚ್ಚಿದ್ದರೆ ವಾಲ್ವು ಮತ್ತು ನೀರು ಹೊರಬೀಳುವ ಸ್ಥಳಗಳ ಚಿತ್ರ, ಅಳತೆ ಸಹಿತ ಕೈನಕ್ಷೆ, ತೋಡಿದವರ ಕೂಲಿ ರಸೀತಿ ಇವುಗಳ ಜೊತೆಗೆ ಒಂದೆರಡು ಕಡೆ ಮಣ್ಣು ತೆಗೆದು ತೋರಿಸಲು ಸಿದ್ಧವೆಂದು ಬರೆಯಬಹುದು.

ದೂರದ ಊರಿನಲ್ಲಿರುವವರಿಗೆ ಇಲ್ಲೊಂದು ತೊಡಕಿದೆ. ತಂದೆಯ ಮೊಬೈಲಿನಲ್ಲಿ ಸ್ಥಳದ ಮಾಹಿತಿ ದಾಖಲಾಗುವಂತೆ ತೆಗೆದ ಚಿತ್ರವನ್ನು ವಾಟ್ಸಾಪ್‌ನಲ್ಲಿ ಸಾಧಾರಣ ಚಿತ್ರವಾಗಿ ಕಳುಹಿಸಿದರೆ, ಚಿತ್ರದೊಳಗೆ ಅಡಗಿರುವ ದಿನಾಂಕ ಮತ್ತು ಸ್ಥಳದ ಮಾಹಿತಿ ಅಳಿದುಹೋಗುತ್ತದೆ. ಮುಂಬಯಿಗೆ ತಲಪುವುದು ಬರಿಯ ಚಿತ್ರ. ಅದನ್ನು ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಮೂಲ ಕಡತವೇ ಬರುತ್ತದೆ.

ಇಷ್ಟು ಸಿದ್ಧವಾದ ಮೇಲೆ ಇ-ಮೇಲ್ ಹೀಗಿರಬಹುದು:

"ವಿಷಯ: 5 ಅಶ್ವಶಕ್ತಿಯ ಸೌರ ಪಂಪ್‌ಸೆಟ್ ಹಾಗೂ 400 ಮೀಟರ್ ಕೊಳವೆಮಾರ್ಗಕ್ಕೆ ವಿಮೆ ಕೋರಿಕೆ, ಇಂಡಿ ತಾಲ್ಲೂಕು.

ಮಾನ್ಯರೇ,

ನನ್ನ ತಂದೆಯವರ ಪರವಾಗಿ, ಅವರು ಸಹಿ ಮಾಡಿದ ಅಧಿಕಾರ ಪತ್ರದೊಂದಿಗೆ, ಇದನ್ನು ಬರೆಯುತ್ತಿದ್ದೇನೆ. ವಿಮೆ ಅವರ ಹೆಸರಿನಲ್ಲಿ ಇರಬೇಕು. ಪಂಪ್‌ಸೆಟ್ 14 ಮೇ 2025ರಂದು ಚಾಲನೆಗೊಂಡಿದೆ. ಸಹಾಯಧನವೂ ಸೇರಿ ಪಂಪು, 540 ವ್ಯಾಟಿನ 9 ಫಲಕಗಳು, ಆಧಾರ ಚೌಕಟ್ಟು ಮತ್ತು ಕಂಟ್ರೋಲರಿನ ಬೆಲೆ 4,00,000 ರೂಪಾಯಿ. ಕೊಳವೆಮಾರ್ಗದ ಬೆಲೆ, ಜೋಡಣೆ ಹಾಗೂ ತೋಡುವ ಕೂಲಿ ಸೇರಿ, 1,00,000 ರೂಪಾಯಿ. ಇವನ್ನು ಪಾಲಿಸಿಯ ಅನುಸೂಚಿಯಲ್ಲಿ ಪ್ರತ್ಯೇಕವಾಗಿ ನಮೂದಿಸಬೇಕೆಂದು ಕೋರುತ್ತೇನೆ. ಸರಬರಾಜುದಾರರು ಮಾಡಿಸಿದ ವಿಮೆಯ ಪ್ರತಿ ಲಗತ್ತಿಸಿದೆ. ಅದರಲ್ಲಿ ಸೇರದ ಅಪಾಯಗಳಿಗೆ ಮತ್ತು ಕೊಳವೆಮಾರ್ಗಕ್ಕೆ ರಕ್ಷಣೆ ಬೇಕಾಗಿದೆ.

ದಯವಿಟ್ಟು ಮೂರು ವಿಷಯ ತಿಳಿಸಿ. ಬಯಲಿನಲ್ಲಿರುವ ಫಲಕಗಳ ಕಳವು, ಬೀಗ ಅಥವಾ ಗೋಡೆ ಒಡೆದ ಗುರುತಿಲ್ಲದಿದ್ದರೂ, ಸೇರುತ್ತದೆಯೇ? ಪ್ರವಾಹಕ್ಕೆ ಹೆಚ್ಚುವರಿ ಪ್ರೀಮಿಯಂ ಇದೆಯೇ? ಪರಿಹಾರವು ಹೊಸದರ ಬೆಲೆಯಂತೆಯೋ, ಸವಕಳಿ ಕಳೆದೋ? ತಪಾಸಣೆಗೆ ಯಾವ ದಿನವಾದರೂ ತಂದೆಯವರು ತೋಟದಲ್ಲಿ ಇರುತ್ತಾರೆ.

ತಮ್ಮ ವಿಶ್ವಾಸಿ"

ಲಗತ್ತುಗಳಿಗೆ ಒಳಗೇನಿದೆಯೆಂದು ತಿಳಿಯುವ ಹೆಸರಿಡಬೇಕು: `1_commissioning.pdf`, `2_invoice.pdf`, `3_serial_numbers.pdf`, `4_pipeline_photos.pdf`. ನಾಲ್ಕನೆಯದರಲ್ಲಿ ಚಿತ್ರಗಳನ್ನು ಕ್ರಮವಾಗಿ ಜೋಡಿಸಿ, ಮೂಲ ಚಿತ್ರಗಳನ್ನು ಕಾದಿರಿಸಿಕೊಳ್ಳಬೇಕು. ಜಿಮೇಲ್‌ನಲ್ಲಿ ಲಗತ್ತುಗಳ ಮಿತಿ 25 ಎಂಬಿ. ಮೀರಿದರೆ ಎರಡು ಪತ್ರಗಳಾಗಿ ಕಳುಹಿಸಿ, ಮೊದಲನೆಯದರಲ್ಲಿ ಹಾಗೆಂದು ತಿಳಿಸುವುದು ಲೇಸು.

ಆ ಮೂರು ಪ್ರಶ್ನೆಗಳಿಗೆ ಕಾರಣವಿದೆ. ಕೆಲವು ಕಳ್ಳತನ ವಿಮೆಗಳು ಬಲವಂತದ ಪ್ರವೇಶದ ಗುರುತನ್ನು ಕೇಳುತ್ತವೆ. ತೆರೆದ ಹೊಲದಲ್ಲಿ ಒಡೆಯಲು ಬಾಗಿಲೇ ಇರುವುದಿಲ್ಲ. ಕೃಷಿ ಪಂಪ್‌ಸೆಟ್ ಪಾಲಿಸಿಗಳಲ್ಲಿ ಬೆಂಕಿ, ಸಿಡಿಲು, ಕಳವು, ಯಂತ್ರದ ಆಕಸ್ಮಿಕ ಕೆಡುಕು ಇವು ಸೇರಿದ್ದರೂ ಪ್ರವಾಹವನ್ನು ಹೆಚ್ಚುವರಿ ಹಣಕ್ಕೆ ಮಾತ್ರ ಸೇರಿಸುವುದುಂಟು. 2020ರ ಅಕ್ಟೋಬರಿನಲ್ಲಿ ಭೀಮೆಯ ನೀರು ವಿಜಯಪುರ, ಕಲಬುರಗಿ ಜಿಲ್ಲೆಗಳ ಹೊಲಗಳಿಗೆ ನುಗ್ಗಿದ್ದನ್ನು ಕಂಡವರಿಗೆ ಈ ಪ್ರಶ್ನೆಯ ತೂಕ ಗೊತ್ತು. ಸವೆತಕ್ಕೆ, ಮೊದಲೇ ಇದ್ದ ದೋಷಕ್ಕೆ ಹಾಗೂ ಸರಬರಾಜುದಾರರ ಹೊಣೆಯಲ್ಲಿರುವ ಕೆಡುಕಿಗೆ ಪರಿಹಾರವಿಲ್ಲ.

ಇ-ಮೇಲ್ ತಲಪಿತೆಂಬ ಉತ್ತರ ಬಂದಮಾತ್ರಕ್ಕೆ ರಕ್ಷಣೆ ಆರಂಭವಾಗುವುದಿಲ್ಲ. 1938ರ ವಿಮಾ ಕಾಯ್ದೆಯ 64ವಿಬಿ ಕಲಮಿನಂತೆ, ಪ್ರೀಮಿಯಂ ಸಂದಾಯವಾಗುವುದಕ್ಕೆ ಮುನ್ನ ಕಂಪನಿಯು ಅಪಾಯದ ಹೊಣೆ ಹೊರುವಂತಿಲ್ಲ. ಪತ್ರ ಹೋದ ರಾತ್ರಿಯೇ ಸಿಡಿಲು ಬಡಿದರೆ ಆ ಪತ್ರ ಕೇವಲ ಕೋರಿಕೆ. ಕಂಪನಿಯು ಒಪ್ಪಿ, ಹಣ ಸಂದ ಮೇಲೆ ಪಾಲಿಸಿ ಬಂದಾಗ, ಮುಖಪುಟಕ್ಕಿಂತ ಮೊದಲು ಅನುಸೂಚಿಯನ್ನು ತೆರೆಯಬೇಕು. "ಸೌರ ಪಂಪ್‌ಸೆಟ್, 5,00,000" ಎಂದಷ್ಟೇ ಇದ್ದು ಕೊಳವೆಯ ಉದ್ದ, ವ್ಯಾಸ, ಸರ್ವೆ ನಂಬರು ಕಾಣದಿದ್ದರೆ, ಅದೇ ಇ-ಮೇಲ್‌ಗೆ ಉತ್ತರವಾಗಿ ತಿದ್ದುಪಡಿ ಕೋರಿ, ಸರಿಪಡಿಸಿದ ಹಿಂಬರಹವನ್ನು ಪಡೆದುಕೊಳ್ಳತಕ್ಕದ್ದು.